ಬದಲಿ ಉಪನ್ಯಾಸಕರಿಗೆ ಪ್ರಾಧ್ಯಾಪಕರ ಸ್ಲೈಡ್ ಒಪ್ಪಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಧ್ಯಾಪಕರು ಕೆಲವು ವಾರ ರಜೆ ಹಾಕುತ್ತಾರೆ, ಪಾಠ ನಿಲ್ಲುವಂತಿಲ್ಲ. ಅವರ ಸ್ಲೈಡ್‌ಗಳಿಗೆ ಟಿಪ್ಪಣಿ ಸೇರಿಸಿ ಬೇರೊಬ್ಬರ ಕೈಗೆ ಕೊಡುವ ಕೆಲಸ ವಿಭಾಗದ ಟ್ಯೂಟರ್‌ಗೋ ಸ್ನಾತಕೋತ್ತರ ವಿದ್ಯಾರ್ಥಿಗೋ ಬೀಳುತ್ತದೆ. ಈ ಪುಟ ಅಂಥವರಿಗಾಗಿ. ಮಾತು ಗಾಳಿಯಲ್ಲಿ ತೇಲದಿರಲೆಂದು ಉದ್ದಕ್ಕೂ ಒಂದೇ ಉದಾಹರಣೆ ಹಿಡಿದಿದ್ದೇವೆ: ಎಂಬಿಬಿಎಸ್ ಸಮುದಾಯ ವೈದ್ಯಶಾಸ್ತ್ರದಲ್ಲಿ ಸ್ಕ್ರೀನಿಂಗ್ ಪರೀಕ್ಷೆಗಳ ಮೇಲಿನ ಒಂದು ಪಾಠ. ಅವಧಿ 50 ನಿಮಿಷ, ಸ್ಲೈಡ್ 38. ಮೆನು ಹೆಸರುಗಳು ವಿಂಡೋಸ್‌ನ ಪವರ್‌ಪಾಯಿಂಟ್‌ನವು.

ಸ್ಲೈಡ್ ಫೈಲನ್ನು ಹಾಗೇ ಮೇಲ್ ಮಾಡಿದರೆ ಸಾಲದೇ? ಬದಲಿಗೆ ಬರುವವರಿಗೂ ವಿಷಯ ಗೊತ್ತಿದೆಯಲ್ಲ?

ವಿಷಯ ಗೊತ್ತಿರುತ್ತದೆ, ಈ ಪಾಠ ಗೊತ್ತಿರುವುದಿಲ್ಲ. ಹತ್ತು ವರ್ಷ ಅದೇ ಪಾಠ ಮಾಡಿದವರ ಸ್ಲೈಡ್‌ಗಳು ವರ್ಷ ಕಳೆದಂತೆ ತೆಳ್ಳಗಾಗುತ್ತವೆ. ಹೇಳಬೇಕಾದದ್ದು ಅವರ ಬಾಯಲ್ಲಿ ಇರುವುದರಿಂದ ಸ್ಲೈಡಿನಲ್ಲಿ ಶೀರ್ಷಿಕೆಯೂ ಒಂದು ಚಿತ್ರವೂ ಮಾತ್ರ ಉಳಿಯುತ್ತವೆ.

ನಮ್ಮ ಉದಾಹರಣೆಯ 17ನೇ ಸ್ಲೈಡಿನಲ್ಲಿ ಎರಡು ಸಾಲು, ಎರಡು ಕಂಬದ ಖಾಲಿ ಪಟ್ಟಿಯೊಂದಿದೆ, ಅಷ್ಟೇ. ಅಪರಿಚಿತರು ನೋಡಿದರೆ ಇದು ಅರ್ಧಕ್ಕೆ ಬಿಟ್ಟ ಸ್ಲೈಡ್ ಎಂದುಕೊಂಡು ಮುಂದೆ ಹೋಗುತ್ತಾರೆ. ನಿಜಕ್ಕೂ ಇಡೀ ಪಾಠದ ಜೀವ ಅಲ್ಲೇ ಇದೆ: ಪ್ರಾಧ್ಯಾಪಕರು ಅಲ್ಲಿ ನಿಂತು ಹತ್ತು ನಿಮಿಷ ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತಾರೆ. ಅದಕ್ಕೆ ಪ್ರತಿಯಾಗಿ 8ನೇ ಸ್ಲೈಡಿನಲ್ಲಿ ವಿಲ್ಸನ್ ಮತ್ತು ಯುಂಗ್ನರ್ ಅವರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಹತ್ತು ಮಾನದಂಡಗಳು ಕಿಕ್ಕಿರಿದಿವೆ. ಪ್ರಾಧ್ಯಾಪಕರು ಅವುಗಳಲ್ಲಿ ಎರಡನ್ನು ವಿವರಿಸಿ ಉಳಿದವನ್ನು ಓದಿಕೊಳ್ಳಲು ಹೇಳುತ್ತಾರೆ. ಸ್ಲೈಡ್ ಮಾತ್ರ ನೋಡಿದವರು 17ನ್ನು ಹಾರಿಸಿ, 8ರ ಹತ್ತನ್ನೂ ಓದಿ ಹೇಳುತ್ತಾರೆ. ಪಾಠ ತಲೆಕೆಳಗಾಗುತ್ತದೆ.

ಕೆಲಸ ಎಲ್ಲಿಂದ ಶುರು ಮಾಡಬೇಕು?

ಮೂಲ ಫೈಲಿನ ಪ್ರತಿ ಮಾಡಿ. ಮೂಲವನ್ನು ಮತ್ತೆ ಮುಟ್ಟಬೇಡಿ. ಪ್ರತಿಗೆ ದಿನಾಂಕ ಸೇರಿಸಿ ಹೆಸರಿಡಿ. `final_new2.pptx` ಎಂಬ ಹೆಸರು ಎರಡೇ ವಾರದಲ್ಲಿ ಯಾರಿಗೂ ಅರ್ಥವಾಗದು.

ಆಮೇಲೆ ಸ್ಲೈಡ್‌ಗಳನ್ನು ಎಡಿಟ್ ಪರದೆಯಲ್ಲಿ ಓದಬೇಡಿ. F5 ಒತ್ತಿ, ತರಗತಿಯಲ್ಲಿ ಕಾಣುವ ಹಾಗೆಯೇ ಮೊದಲಿಂದ ಕೊನೆವರೆಗೆ ಓಡಿಸಿ. ಯಾವ ಸ್ಲೈಡಿಗೆ ಎಷ್ಟು ಕ್ಲಿಕ್ ಬೇಕು, ಯಾವ ಉತ್ತರ ಮೊದಲು ಅಡಗಿದ್ದು ಆಮೇಲೆ ಬರುತ್ತದೆ ಎಂಬುದು ಹಾಗೆ ಮಾಡಿದಾಗಷ್ಟೇ ತಿಳಿಯುತ್ತದೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಪ್ರತಿ ಸ್ಲೈಡಿನ ಎದುರು ಒಂದು ಗುರುತು ಹಾಕಿ: ತಾನೇ ಮಾತಾಡುವ ಸ್ಲೈಡ್, ಮೂಕ ಸ್ಲೈಡ್, ಅಥವಾ ಬೋರ್ಡ್ ಬೇಡುವ ಸ್ಲೈಡ್. ನಿಮ್ಮ ಶ್ರಮದ ಮುಕ್ಕಾಲು ಪಾಲು ಕೊನೆಯ ಎರಡು ಬಗೆಗೆ ಹೋಗಬೇಕು.

ಹಳೆಯ ಟಿಪ್ಪಣಿಗಳು ಫೈಲಿನಲ್ಲೇ ಅಡಗಿರಬಹುದು. ನೋಟ್ಸ್ ಪಟ್ಟಿ ಕಿರಿದಾಗಿ ಮಡಚಿಕೊಂಡಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಪೈಥಾನ್ ಗೊತ್ತಿದ್ದವರು `python-pptx` ಹಾಕಿಕೊಂಡು ಎಲ್ಲವನ್ನೂ ಒಮ್ಮೆಗೇ ಹೊರತೆಗೆಯಬಹುದು:

```python
from pptx import Presentation
p = Presentation("screening.pptx")
for i, s in enumerate(p.slides, 1):
    if s.has_notes_slide:
        print(i, s.notes_slide.notes_text_frame.text)
    else:
        print(i, "---")
```

ಗೊತ್ತಿಲ್ಲದವರು `View` > `Notes Page` ತೆರೆದು ಒಂದೊಂದೇ ಪುಟ ನೋಡಿದರಾಯಿತು. 38 ಸ್ಲೈಡಿಗೆ ಅದೇನೂ ದೊಡ್ಡ ಕೆಲಸವಲ್ಲ.

ಪ್ರಾಧ್ಯಾಪಕರು ಅರ್ಧ ಗಂಟೆ ಮಾತ್ರ ಸಿಗುತ್ತಾರೆ. ಏನು ಕೇಳಬೇಕು?

"ಈ ಸ್ಲೈಡಿನಲ್ಲಿ ಏನು ಹೇಳುತ್ತೀರಿ ಸರ್?" ಎಂದು ಒಂದರಿಂದ ಶುರು ಮಾಡಿದರೆ ಅರ್ಧ ಗಂಟೆ ಆರನೇ ಸ್ಲೈಡಿಗೇ ಮುಗಿಯುತ್ತದೆ. ಮೂಕ ಸ್ಲೈಡ್‌ಗಳ ಪಟ್ಟಿ ಮೊದಲೇ ಸಿದ್ಧ ಮಾಡಿಕೊಂಡು ಹೋಗಿ, ಅವುಗಳ ಬಗ್ಗೆ ಮಾತ್ರ ಕೇಳಿ. ಉಳಿದ ಸಮಯಕ್ಕೆ ಈ ಪ್ರಶ್ನೆಗಳು ಸಾಕು: ಹಿಂದಿನ ತರಗತಿ ನಿಜಕ್ಕೂ ಎಲ್ಲಿಗೆ ನಿಂತಿತು? ಸಮಯ ಕಡಿಮೆಯಾದರೆ ಯಾವುದನ್ನು ಬಿಡುತ್ತೀರಿ? ಹುಡುಗರು ಪ್ರತಿ ವರ್ಷ ಎಲ್ಲಿ ಎಡವುತ್ತಾರೆ? ಮುಂದಿನ ಪಾಠಕ್ಕೆ ಇದರಿಂದ ಏನು ಬೇಕೇಬೇಕು?

ಮೊದಲ ಪ್ರಶ್ನೆಯ ಉತ್ತರವನ್ನು ವೇಳಾಪಟ್ಟಿ ನೋಡಿ ಊಹಿಸಬೇಡಿ. ರೋಗಿಗಳಲ್ಲಿ ಎಷ್ಟು ಜನರನ್ನು ಪರೀಕ್ಷೆ ಹಿಡಿಯುತ್ತದೆ ಎನ್ನುವ ಸೆನ್ಸಿಟಿವಿಟಿಯ ವ್ಯಾಖ್ಯೆ ಆಗಲೇ ಆಗಿದೆ ಎಂದು ವೇಳಾಪಟ್ಟಿ ಹೇಳುತ್ತದೆ, ಆದರೆ ಆ ದಿನ ಕಾಲೇಜಿಗೆ ರಜೆ ಇದ್ದಿರುತ್ತದೆ. ತರಗತಿಯ ಪ್ರತಿನಿಧಿಯ ನೋಟ್‌ಬುಕ್ ಒಮ್ಮೆ ನೋಡಿದರೆ ಸಂಶಯ ಉಳಿಯುವುದಿಲ್ಲ.

ಪ್ರಾಧ್ಯಾಪಕರು ಒಪ್ಪಿದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೆದುಕೊಳ್ಳುವಾಗ ನಾವು ವಿಷಯವನ್ನಷ್ಟೇ ಹಿಡಿಯುತ್ತೇವೆ, ಅವರು ಬಳಸುವ ಹೋಲಿಕೆ ಕೈತಪ್ಪುತ್ತದೆ. ಟಿಪ್ಪಣಿಗೆ ಬೇಕಾದದ್ದು ಆ ಹೋಲಿಕೆಯೇ.

50 ನಿಮಿಷಕ್ಕೆ 38 ಸ್ಲೈಡ್ ಹೇಗೆ ಹಿಡಿಸುವುದು?

ಹಿಡಿಸಬೇಕಿಲ್ಲ. ಹಾಜರಿಗೆ ಐದು ನಿಮಿಷ ಹೋದರೆ ಉಳಿಯುವುದು 45. ಸ್ಕ್ರೀನಿಂಗ್ ಯಾಕೆ ಬೇಕು ಎಂಬ 1ರಿಂದ 6ಕ್ಕೆ ಆರು ನಿಮಿಷ, ಮಾನದಂಡಗಳ 7ರಿಂದ 10ಕ್ಕೆ ನಾಲ್ಕು, ವ್ಯಾಖ್ಯೆಗಳ 11ರಿಂದ 16ಕ್ಕೆ ಎಂಟು. ಪಟ್ಟಿಯ ಲೆಕ್ಕ ನಡೆಯುವ 17ರಿಂದ 24ಕ್ಕೆ ಹದಿನೆಂಟು, ಅದರ ಮೇಲಿನ ಚರ್ಚೆ 25ರಿಂದ 28ಕ್ಕೆ ಐದು, ಪ್ರಶ್ನೆಗಳಿಗೆ ನಾಲ್ಕು. ಒಟ್ಟು 45 ಆಯಿತು. 29ರಿಂದ 38ರವರೆಗಿನ ಆರ್‌ಒಸಿ ವಕ್ರರೇಖೆಯ ಭಾಗ ಈ ತರಗತಿಯದ್ದಲ್ಲ.

ಆ ಹತ್ತನ್ನು ಅಳಿಸಬೇಡಿ. ಸ್ಲೈಡಿನ ಮೇಲೆ ಬಲ ಕ್ಲಿಕ್ ಮಾಡಿ `Hide Slide` ಕೊಡಿ. ಯಾರಾದರೂ ಆ ಬಗ್ಗೆ ಕೇಳಿದರೆ ಪ್ರದರ್ಶನದ ನಡುವೆಯೇ 31 ಎಂದು ಟೈಪ್ ಮಾಡಿ Enter ಒತ್ತಿದರೆ ಅಡಗಿಸಿಟ್ಟ 31ನೇ ಸ್ಲೈಡ್ ತೆರೆಯುತ್ತದೆ. ಅಳಿಸಿದರೆ ಅದೂ ಇಲ್ಲ, ಸ್ಲೈಡ್ ಸಂಖ್ಯೆಗಳೂ ಪ್ರಾಧ್ಯಾಪಕರ ಮೂಲದೊಂದಿಗೆ ತಾಳೆಯಾಗುವುದಿಲ್ಲ. ಫೋನಿನಲ್ಲಿ "ಸರ್, 22ನೇ ಸ್ಲೈಡ್" ಎಂದರೆ ಇಬ್ಬರ ಮುಂದೆಯೂ ಅದೇ ಸ್ಲೈಡ್ ಇರಬೇಕು. ಇದೇ ಕಾರಣಕ್ಕೆ ನಿಮ್ಮದೊಂದು ಸ್ಲೈಡನ್ನು ನಡುವೆ ತುರುಕಲೂ ಬೇಡಿ, ಸೇರಿಸುವುದಿದ್ದರೆ ಕೊನೆಯಲ್ಲಿ ಸೇರಿಸಿ.

ಪ್ರತಿ ಭಾಗದ ಮೊದಲ ಸ್ಲೈಡಿನ ಟಿಪ್ಪಣಿಯಲ್ಲಿ ಗಡಿಯಾರದ ಗುರುತು ಹಾಕಿ. ಹಾಜರಿಯ ಐದೂ ಸೇರಿ 17ರಲ್ಲಿ ಹೀಗೆ: "ಇಲ್ಲಿಗೆ ಬಂದಾಗ 23 ನಿಮಿಷ ಆಗಿರಬೇಕು. 28 ದಾಟಿದ್ದರೆ 21, 22 ಬಿಟ್ಟು 23ಕ್ಕೆ ಹೋಗಿ." ತಡವಾದಾಗ ಏನು ಬಿಡಬೇಕು ಎಂಬುದನ್ನು ತರಗತಿಯಲ್ಲಿ ನಿಂತು ಯೋಚಿಸಲಾಗದು.

ಒಳ್ಳೆಯ ಟಿಪ್ಪಣಿ ಹೇಗಿರುತ್ತದೆ? ಒಂದು ಮಾದರಿ ಕೊಡಿ.

17ನೇ ಸ್ಲೈಡಿನದನ್ನೇ ನೋಡಿ. ಅದರಲ್ಲಿ ಬರುವ ಸ್ಪೆಸಿಫಿಸಿಟಿ ಎಂದರೆ ರೋಗವಿಲ್ಲದವರಲ್ಲಿ ಪರೀಕ್ಷೆ ನೆಗೆಟಿವ್ ಬರುವವರ ಪಾಲು.

> ಉದ್ದೇಶ: ಪಾಸಿಟಿವ್ ಬಂದವರೆಲ್ಲ ರೋಗಿಗಳಲ್ಲ ಎಂಬುದನ್ನು ಅವರೇ ಲೆಕ್ಕ ಮಾಡಿ ಕಾಣಬೇಕು.
>
> ಮೊದಲು ಕೇಳಿ: ಸೆನ್ಸಿಟಿವಿಟಿ 90%, ಸ್ಪೆಸಿಫಿಸಿಟಿ 95%, ನೂರಕ್ಕೆ ಒಬ್ಬರಿಗೆ ರೋಗ. ಪಾಸಿಟಿವ್ ಬಂದವರಿಗೆ ರೋಗ ನಿಜಕ್ಕೂ ಇರುವ ಸಾಧ್ಯತೆ ಎಷ್ಟು? "90" ಎಂಬ ಉತ್ತರ ಬರುತ್ತದೆ. ತಿದ್ದಬೇಡಿ, ಬೋರ್ಡಿನ ಮೂಲೆಯಲ್ಲಿ ಬರೆದಿಡಿ.
>
> ಬೋರ್ಡ್: ಪಟ್ಟಿ ಬರೆಯಿರಿ. ರೋಗ ಕಂಬಗಳಲ್ಲಿ, ಪರೀಕ್ಷೆ ಸಾಲುಗಳಲ್ಲಿ. ಒಟ್ಟು 10,000 ಜನ.
> ರೋಗಿಗಳು 100: ಪಾಸಿಟಿವ್ 90, ನೆಗೆಟಿವ್ 10.
> ರೋಗವಿಲ್ಲದವರು 9,900: ಪಾಸಿಟಿವ್ 495, ನೆಗೆಟಿವ್ 9,405.
>
> [ಕ್ಲಿಕ್ 1: ಮೊದಲ ಸಾಲು ಮಿನುಗುತ್ತದೆ] ಒಟ್ಟು ಪಾಸಿಟಿವ್ 585. ಅದರಲ್ಲಿ ರೋಗಿಗಳು 90. ಅಂದರೆ 15.4%. ಮೂಲೆಯ 90ಕ್ಕೆ ಈಗ ಗೀಟು ಹೊಡೆಯಿರಿ.
>
> ಕೇಳಬಹುದು: "ಹಾಗಾದರೆ ಪರೀಕ್ಷೆ ಕೆಟ್ಟದ್ದೇ?" ಅಲ್ಲ. ರೋಗವೇ ಅಪರೂಪ. ಉತ್ತರ 24ನೇ ಸ್ಲೈಡಿನಲ್ಲಿದೆ, ಅಲ್ಲಿಯವರೆಗೆ ಕಾಯಿಸಿ.
>
> ಸಮಯ: 10 ನಿಮಿಷ.

ಇದರಲ್ಲಿ ಎರಡು ಸಣ್ಣ ವಿಷಯಗಳನ್ನು ಗಮನಿಸಿ. ಒಂದು, 10,000 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಸಾವಿರ ಜನ ಇಟ್ಟುಕೊಂಡರೆ ರೋಗವಿಲ್ಲದ 990 ಜನರ 5% ಎಂದರೆ 49.5, ಅರ್ಧ ಮನುಷ್ಯ. ತರಗತಿ ನಗುತ್ತದೆ, ಎಳೆ ತಪ್ಪುತ್ತದೆ. ಬದಲಿ ಉಪನ್ಯಾಸಕರು ತಮ್ಮ ಸಂಖ್ಯೆ ಹಾಕಿಕೊಳ್ಳಬಹುದು, ಆದರೆ ಪೂರ್ಣ ಸಂಖ್ಯೆ ಬರುವಂತೆ ನೋಡಿಕೊಳ್ಳಬೇಕೆಂದು ಟಿಪ್ಪಣಿ ಹೇಳಿದರೆ ಒಳ್ಳೆಯದು.

ಎರಡು, ರೋಗ ಯಾವ ಕಡೆ, ಪರೀಕ್ಷೆ ಯಾವ ಕಡೆ ಎಂಬುದನ್ನು ಬರೆದೇ ಬರೆಯಬೇಕು. ಈ ಪ್ರಾಧ್ಯಾಪಕರ ವಿದ್ಯಾರ್ಥಿಗಳು ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿಯನ್ನು ಕಂಬದಲ್ಲಿ ಕೆಳಗಿಳಿದು, ಬಂದ ಫಲಿತಾಂಶ ಎಷ್ಟು ಪಾಲು ನಿಜ ಎಂದು ಹೇಳುವ ಪ್ರೆಡಿಕ್ಟಿವ್ ಮೌಲ್ಯಗಳನ್ನು ಸಾಲಿನಲ್ಲಿ ಅಡ್ಡ ಹೋಗಿ ಲೆಕ್ಕ ಹಾಕಲು ಕಲಿತಿದ್ದಾರೆ. ಹೊಸಬರು ಪಟ್ಟಿಯನ್ನು ತಿರುಗಿಸಿ ಬರೆದರೆ ಗಣಿತ ಸರಿಯೇ ಇರುತ್ತದೆ, ಆದರೆ ತರಗತಿಯ ಅರ್ಧ ಜನ ತಪ್ಪು ಸಂಖ್ಯೆಗಳನ್ನು ಭಾಗಿಸುತ್ತಾರೆ.

24ನೇ ಸ್ಲೈಡಿನ ಟಿಪ್ಪಣಿ ಇದಕ್ಕೆ ಜೋಡಿ: ಅದೇ ಪರೀಕ್ಷೆ, ಅದೇ 10,000 ಜನ, ರೋಗ ಮಾತ್ರ ನೂರಕ್ಕೆ ಹತ್ತು ಜನರಲ್ಲಿ. ರೋಗಿಗಳು 1,000, ಪಾಸಿಟಿವ್ 900. ಉಳಿದ 9,000ದಲ್ಲಿ ಪಾಸಿಟಿವ್ 450. ಆಗ 1,350ರಲ್ಲಿ 900, ಎಂದರೆ 66.7%. ಪರೀಕ್ಷೆ ಬದಲಾಗಿಲ್ಲ, ಪ್ರಿವಲೆನ್ಸ್ ಬದಲಾಗಿದೆ. "17ರ ಪಟ್ಟಿಯನ್ನು ಬೋರ್ಡಿನಿಂದ ಅಳಿಸಬೇಡಿ, 24ರಲ್ಲಿ ಪಕ್ಕದಲ್ಲಿಟ್ಟು ಹೋಲಿಸಬೇಕು" ಎಂಬ ಒಂದು ಸಾಲನ್ನು 17ರ ಟಿಪ್ಪಣಿಯ ಕೊನೆಗೂ ಸೇರಿಸಿ. 24ಕ್ಕೆ ಬಂದಮೇಲೆ ಅದನ್ನು ಓದಿ ಪ್ರಯೋಜನವಿಲ್ಲ.

ಪ್ರತಿ ಸ್ಲೈಡಿಗೂ ಇಷ್ಟು ಬರೆಯಬೇಕೇ? ಪೂರ್ತಿ ಭಾಷಣವನ್ನೇ ಬರೆದುಕೊಟ್ಟರೆ?

ಬೇಡ. ತಾನೇ ಮಾತಾಡುವ ಸ್ಲೈಡಿಗೆ ಒಂದು ಸಾಲು ಸಾಕು, ಕೆಲವಕ್ಕೆ "ಓದಿ ಮುಂದೆ ಹೋಗಿ" ಎಂದಷ್ಟೇ. ಪೂರ್ತಿ ಭಾಷಣ ಬರೆದರೆ ಬಂದವರು ಅದನ್ನು ಓದಲು ಶುರು ಮಾಡುತ್ತಾರೆ. ಓದುತ್ತಿರುವ ಮೇಷ್ಟ್ರನ್ನು ಹಿಂದಿನ ಬೆಂಚು ಎರಡೇ ನಿಮಿಷದಲ್ಲಿ ಪತ್ತೆ ಹಚ್ಚುತ್ತದೆ. ಪರದೆಯಲ್ಲಿ ನೋಟ್ಸ್ ಜಾಗ ಚಿಕ್ಕದು, ಸ್ಕ್ರೋಲ್ ಮಾಡಬೇಕಾದಷ್ಟು ಬರೆದರೆ ಬೇಕಾದ ಸಾಲು ಬೇಕಾದಾಗ ಸಿಗದು. ಪದಕ್ಕೆ ಪದ ಬರೆಯಬೇಕಾದದ್ದು ವ್ಯಾಖ್ಯೆಗಳನ್ನು ಮತ್ತು ಪರೀಕ್ಷೆಯಲ್ಲಿ ಹಾಗೇ ಕೇಳುವ ವಾಕ್ಯಗಳನ್ನು ಮಾತ್ರ.

ಟಿಪ್ಪಣಿ ಕನ್ನಡದಲ್ಲಿರಲೋ ಇಂಗ್ಲಿಷಿನಲ್ಲೋ?

ಬದಲಿಗೆ ಬರುವವರನ್ನು ಕೇಳಿ. ಅವರು ಕನ್ನಡ ಓದುವವರಾದರೆ ಸೂಚನೆಗಳನ್ನು ಕನ್ನಡದಲ್ಲೂ, ತರಗತಿಯಲ್ಲಿ ಬಾಯಿಂದ ಬರಬೇಕಾದ ವ್ಯಾಖ್ಯೆಗಳನ್ನು ಇಂಗ್ಲಿಷಿನಲ್ಲೂ ಬರೆದರೆ ಒಂದು ಲಾಭವಿದೆ: ಯಾವುದು ತನಗೆ, ಯಾವುದು ವಿದ್ಯಾರ್ಥಿಗಳಿಗೆ ಎಂಬುದು ಲಿಪಿ ನೋಡಿದ ಕೂಡಲೇ ತಿಳಿಯುತ್ತದೆ. ಬಣ್ಣ ಹಾಕಿ ವ್ಯತ್ಯಾಸ ತೋರಿಸುವುದನ್ನು ನೆಚ್ಚಿಕೊಳ್ಳಬೇಡಿ, ಕಪ್ಪು-ಬಿಳುಪು ಪ್ರಿಂಟಿನಲ್ಲಿ ಅದು ಉಳಿಯುವುದಿಲ್ಲ.

ಸ್ಲೈಡಿನಲ್ಲೇ ತಪ್ಪಿದ್ದರೆ ತಿದ್ದಬಹುದೇ?

ಕೇಳದೆ ತಿದ್ದಬೇಡಿ. ಆದರೆ ತಪ್ಪು ಹುಡುಕದೆಯೂ ಬಿಡಬೇಡಿ. ಹುಡುಕುವ ದಾರಿ ಸುಲಭ: ಸ್ಲೈಡಿನ ಸೂತ್ರಕ್ಕೆ ಸ್ಲೈಡಿನದೇ ಸಂಖ್ಯೆ ಹಾಕಿ ನೋಡಿ. 14ನೇ ಸ್ಲೈಡಿನಲ್ಲಿ ಸ್ಪೆಸಿಫಿಸಿಟಿ `TN / (TN + FN)` ಎಂದಿದೆ ಎನ್ನಿ. TN ಎಂದರೆ ರೋಗವಿಲ್ಲದೆ ನೆಗೆಟಿವ್ ಬಂದವರು, FN ಎಂದರೆ ರೋಗವಿದ್ದೂ ನೆಗೆಟಿವ್ ಬಂದವರು, FP ಎಂದರೆ ರೋಗವಿಲ್ಲದೆಯೂ ಪಾಸಿಟಿವ್ ಬಂದವರು. ನಮ್ಮ ಪಟ್ಟಿಯ ಸಂಖ್ಯೆ ಹಾಕಿದರೆ 9,405 ಭಾಗಿಸು 9,415, ಸುಮಾರು 99.9%. ಆದರೆ ಲೆಕ್ಕ ಶುರುವಾದದ್ದು 95% ಎಂದು. ತಾಳೆಯಾಗಲಿಲ್ಲ. ಸರಿಯಾದದ್ದು `TN / (TN + FP)`, ಅಂದರೆ 9,405 ಭಾಗಿಸು 9,900. ಸ್ಲೈಡಿನಲ್ಲಿರುವುದು ನೆಗೆಟಿವ್ ಪ್ರೆಡಿಕ್ಟಿವ್ ಮೌಲ್ಯದ ಸೂತ್ರ, ಹಿಂದೆ ಎಂದೋ ಕಾಪಿ ಮಾಡುವಾಗ ಜಾಗ ತಪ್ಪಿರಬೇಕು.

ಪ್ರಾಧ್ಯಾಪಕರಿಗೆ ಒಂದು ಸಾಲಿನ ಸಂದೇಶ ಕಳಿಸಿ, ಒಪ್ಪಿದ ಮೇಲೆ ತಿದ್ದಿ. ಹಳೆಯ ಸ್ಲೈಡ್ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿಗೆ ಆಗಲೇ ಹೋಗಿದೆಯೇ ಎಂದೂ ಕೇಳಿ. ಹೋಗಿದ್ದರೆ 14ರ ಟಿಪ್ಪಣಿಯಲ್ಲಿ ಬರೆಯಿರಿ: "ನಿಮ್ಮ ಬಳಿ ಇರುವ ಪ್ರತಿಯಲ್ಲಿ ಇದು ತಪ್ಪಿದೆ, ತಿದ್ದಿಕೊಳ್ಳಿ ಎಂದು ಹೇಳಬೇಕು." ಇಲ್ಲದಿದ್ದರೆ ತರಗತಿಯಲ್ಲಿ ಒಬ್ಬ ಎದ್ದು ನಿಂತು ಹಳೆಯ ಸೂತ್ರ ತೋರಿಸುತ್ತಾನೆ, ಬದಲಿಗೆ ಬಂದವರು ತಪ್ಪಿತಸ್ಥರಂತೆ ಕಾಣುತ್ತಾರೆ.

ಸ್ಲೈಡ್‌ಗಳು ತಾವಾಗಿಯೇ ಮುಂದೆ ಓಡುತ್ತಿವೆ. ಯಾಕೆ?

ಪ್ರಾಧ್ಯಾಪಕರು ಎಂದೋ ಸಮಯ ಅಳೆದು ಅಭ್ಯಾಸ ಮಾಡಿದ್ದಾಗ ಆ ಸೆಕೆಂಡುಗಳು ಫೈಲಿನಲ್ಲಿ ಉಳಿದಿವೆ. `Slide Show` ಟ್ಯಾಬಿನಲ್ಲಿ `Use Timings` ಗುರುತು ತೆಗೆಯಿರಿ.

ಸ್ಲೈಡಿನ ಕನ್ನಡ ಅಕ್ಷರಗಳು ಬದಲಿಗೆ ಬಂದವರ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿವೆ.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಅದು. ಆ ಫಾಂಟುಗಳಲ್ಲಿ ಕನ್ನಡದ ರೂಪಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ, ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಬರುತ್ತವೆ. ಫಾಂಟನ್ನು ತುಂಗಾ ಅಥವಾ `Nirmala UI`ಗೆ ಬದಲಿಸಿದರೆ ಸರಿಯಾಗದು, ಏಕೆಂದರೆ ಒಳಗಿನ ಸಂಕೇತ ಬದಲಾಗಿರುವುದಿಲ್ಲ. ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು ಮತ್ತೆ ಅಂಟಿಸಬೇಕು, ನುಡಿ ಮತ್ತು ಬರಹ ಎರಡರಲ್ಲೂ ಆ ಸೌಲಭ್ಯವಿದೆ. ನಾಲ್ಕೈದು ಸಾಲಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ.

ತರಗತಿಯಲ್ಲಿ ಟಿಪ್ಪಣಿ ತಮಗೆ ಮಾತ್ರ ಕಾಣಬೇಕು. ಹೇಗೆ?

ಪ್ರೊಜೆಕ್ಟರನ್ನು ಎರಡನೇ ಪರದೆಯಾಗಿ ಬಳಸಿದರೆ ಪ್ರೆಸೆಂಟರ್ ವ್ಯೂ ಕೆಲಸ ಮಾಡುತ್ತದೆ: ಗೋಡೆಯ ಮೇಲೆ ಸ್ಲೈಡ್, ಲ್ಯಾಪ್‌ಟಾಪಿನಲ್ಲಿ ಸ್ಲೈಡಿನ ಜೊತೆ ಟಿಪ್ಪಣಿ. ವಿಂಡೋಸ್ ಕೀ ಜೊತೆ P ಒತ್ತಿ `Extend` ಆರಿಸಬೇಕು. ನಮ್ಮ ಬಹಳಷ್ಟು ಉಪನ್ಯಾಸ ಕೊಠಡಿಗಳಲ್ಲಿ ಅದು `Duplicate`ನಲ್ಲಿರುತ್ತದೆ, ಎರಡೂ ಕಡೆ ಒಂದೇ ಚಿತ್ರ. ಆ ಸ್ಥಿತಿಯಲ್ಲಿ Alt+F5 ಒತ್ತಿ ಪ್ರೆಸೆಂಟರ್ ವ್ಯೂ ತೆರೆದರೆ "90 ಎಂಬ ಉತ್ತರ ಬರುತ್ತದೆ, ತಿದ್ದಬೇಡಿ" ಎಂಬ ಸಾಲನ್ನು ಇಡೀ ತರಗತಿ ಓದುತ್ತದೆ. ಪರದೆಗಳು ಅದಲುಬದಲಾಗಿದ್ದರೆ ಪ್ರೆಸೆಂಟರ್ ವ್ಯೂನ `Display Settings`ನಲ್ಲಿ `Swap Presenter View and Slide Show` ಇದೆ.

Alt+F5ರ ನಿಜವಾದ ಉಪಯೋಗ ಮನೆಯಲ್ಲಿ. ಒಂದೇ ಪರದೆಯಲ್ಲಿ ಟಿಪ್ಪಣಿ ಹೇಗೆ ಕಾಣುತ್ತದೆಂದು ನೋಡಿಕೊಳ್ಳಬಹುದು.

ಕೊಠಡಿಯ ಯಂತ್ರವನ್ನು ನಂಬುವ ಬದಲು ಟಿಪ್ಪಣಿಯ ಪ್ರಿಂಟ್ ಕೈಗೆ ಕೊಡಿ: `File` > `Print`, ಅಲ್ಲಿ `Full Page Slides` ಬದಲು `Notes Pages`. ಒಂದು ತೊಡಕು ಇದೆ. ಪ್ರಿಂಟಿನಲ್ಲಿ ಅನಿಮೇಶನ್ ಇರುವುದಿಲ್ಲ, ಒಂದಾದ ಮೇಲೊಂದು ಬರಬೇಕಾದ ಪೆಟ್ಟಿಗೆಗಳೆಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಮಾದರಿ ಟಿಪ್ಪಣಿಯಲ್ಲಿ [ಕ್ಲಿಕ್ 1] ಎಂದು ಬರೆದದ್ದು ಇದಕ್ಕೇ. ಅದಿಲ್ಲದಿದ್ದರೆ ಕಾಗದ ನೋಡುವವರಿಗೆ ಉತ್ತರ ಯಾವಾಗ ಹೊರಬರುತ್ತದೆಂದು ತಿಳಿಯದು.

ಕಳಿಸುವ ಮೊದಲು ಫೈಲಿನಿಂದ ಏನನ್ನಾದರೂ ತೆಗೆಯಬೇಕೇ?

ವಿದ್ಯಾರ್ಥಿಗಳ ಹೆಸರು, ಆಂತರಿಕ ಅಂಕ, ಮುಂದಿನ ಪರೀಕ್ಷೆಯ ಪ್ರಶ್ನೆ, ಗುರುತು ಸಿಗುವ ರೋಗಿಗಳ ಚಿತ್ರ. ಇವು ಹಳೆಯ ಟಿಪ್ಪಣಿಗಳಲ್ಲಿ, ಕಮೆಂಟುಗಳಲ್ಲಿ, ಅಡಗಿಸಿಟ್ಟ ಸ್ಲೈಡ್‌ಗಳಲ್ಲಿ ಇರುತ್ತವೆ. ಕಣ್ಣಿಟ್ಟು ಕೈಯಿಂದಲೇ ತೆಗೆಯಿರಿ. `Inspect Document` ಓಡಿಸುವುದಾದರೆ `Presentation Notes` ಎಂಬ ಸಾಲನ್ನು ಬಹಳ ಎಚ್ಚರಿಕೆಯಿಂದ ನೋಡಿ. ಅದರ ಎದುರು `Remove All` ಒತ್ತಿದರೆ ನೀವು ಎರಡು ದಿನ ಕೂತು ಬರೆದ ಟಿಪ್ಪಣಿಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ.

ವಿಡಿಯೋ ಫೈಲಿನೊಳಗಿಲ್ಲದೆ ಕೊಂಡಿಯಾಗಿ ಮಾತ್ರ ಇದ್ದರೆ ಬೇರೆ ಯಂತ್ರದಲ್ಲಿ ಓಡದು. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡುವುದೇ ಇದಕ್ಕೆ ಪರೀಕ್ಷೆ.

ಸ್ಲೈಡಿನ ಮೇಲೆ ಯಾರ ಹೆಸರಿರಬೇಕು?

ಪ್ರಾಧ್ಯಾಪಕರದೇ. ಚಿತ್ರಗಳ ಕೆಳಗಿನ ಮೂಲದ ಸಾಲುಗಳೂ ಹಾಗೇ ಇರಲಿ. ಟಿಪ್ಪಣಿ ಬರೆದವರ ಹೆಸರು, ದಿನಾಂಕ ಮೊದಲ ಸ್ಲೈಡಿನ ಟಿಪ್ಪಣಿಯಲ್ಲಿ ಬರಲಿ.

ಪ್ರಾಧ್ಯಾಪಕರು ಮರಳಿದಾಗ?

ಈ ಭಾಗವನ್ನು ಹೆಚ್ಚಿನವರು ಮರೆಯುತ್ತಾರೆ. ಡೆಕ್ ಕಳಿಸುವಾಗಲೇ ಕೊನೆಯಲ್ಲಿ 39ನೆಯದಾಗಿ ಒಂದು ಸ್ಲೈಡ್ ಸೇರಿಸಿ ಅಡಗಿಸಿಡಿ. ಬದಲಿ ಉಪನ್ಯಾಸಕರು ಪ್ರತಿ ತರಗತಿಯ ನಂತರ ಅದರ ಟಿಪ್ಪಣಿಯಲ್ಲಿ ಮೂರು ಸಾಲು ತುಂಬಲಿ: ಯಾವ ಸ್ಲೈಡಿಗೆ ನಿಂತಿತು, ಏನು ಬಿಟ್ಟೆ, ಉತ್ತರ ಕೊಡದೆ ಉಳಿದ ಪ್ರಶ್ನೆ ಯಾವುದು. "24ರವರೆಗೆ ಆಯಿತು. 21, 22 ಬಿಟ್ಟೆ. ಎರಡು ಪರೀಕ್ಷೆ ಒಂದರ ಹಿಂದೊಂದು ಮಾಡಿದರೆ 15.4% ಏನಾಗುತ್ತದೆ ಎಂದು ಕೇಳಿದರು, ನೀವು ಹೇಳುತ್ತೀರಿ ಎಂದೆ." ಪ್ರಾಧ್ಯಾಪಕರು ಮೊದಲ ದಿನ ತರಗತಿಗೆ ಹೋಗುವ ಮುನ್ನ ಈ ಒಂದು ಪುಟ ಓದಿದರೆ 25ರಿಂದ ಶುರು ಮಾಡಬಹುದು.